ಪೊಲೀಸ್ ವಶದಲ್ಲಿ ಹಲ್ಲೆ, ಸಾವು: ಕುಟುಂಬ ಎಲ್ಲಿ ದೂರು ನೀಡಬೇಕು? ವಿಚಾರಣೆ ಹೇಗೆ ನಡೆಯುತ್ತದೆ?

ಠಾಣೆಗೆ ಕರೆದೊಯ್ಯಲ್ಪಟ್ಟ ವ್ಯಕ್ತಿ ಗಾಯಗೊಂಡು ಹೊರಬಂದಾಗ ಅಥವಾ ಜೀವಂತವಾಗಿ ಮರಳದೇ ಇದ್ದಾಗ ಮನೆಯವರ ಮುಂದೆ ಬರುವ ಮೊದಲ ಪ್ರಶ್ನೆ ಒಂದೇ: ಪೊಲೀಸರ ಮೇಲಿನ ದೂರನ್ನು ಪೊಲೀಸರಿಗೇ ಕೊಡಬೇಕೆ? ಕಾನೂನಿನ ಉತ್ತರ 'ಅಲ್ಲ' ಎಂಬುದಾಗಿದೆ. ಠಾಣೆಯ ಹೊರಗೆ ದಂಡಾಧಿಕಾರಿ, ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗ ಮತ್ತು ಉಚ್ಚ ನ್ಯಾಯಾಲಯ ಎಂಬ ಬಾಗಿಲುಗಳಿವೆ. ಆದರೆ ಈ ಬಾಗಿಲುಗಳಲ್ಲಿ ಒಂದೊಂದೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ನೀಡುತ್ತದೆ. ಒಂದು ಕಡೆ ಅರ್ಜಿ ಸಲ್ಲಿಸಿ ಉಳಿದೆಲ್ಲವೂ ತಾನಾಗಿ ನಡೆಯುತ್ತದೆಂದು ಕಾಯುವ ಕುಟುಂಬಗಳು ಮುಖ್ಯವಾದ ಸಾಕ್ಷ್ಯವನ್ನೂ ಕಾಲಮಿತಿಯನ್ನೂ ಕಳೆದುಕೊಳ್ಳುವುದು ಸಾಮಾನ್ಯ. ಸೋಮವಾರಪೇಟೆಯಲ್ಲಿ ವಾಸಿಸುವ ಕುಟುಂಬವೊಂದಕ್ಕೆ ಲಭ್ಯವಿರುವ ದಾರಿಗಳನ್ನು, ಕೊಡಗು ಜಿಲ್ಲೆಯಲ್ಲೇ ನಡೆದ ಪ್ರಕರಣದ ಹಿನ್ನೆಲೆಯಲ್ಲಿ, ಇಲ್ಲಿ ವಿವರಿಸಲಾಗಿದೆ.

ವಿರಾಜಪೇಟೆ ಪ್ರಕರಣ, 2021

2021ರ ಜೂನ್ ತಿಂಗಳು. ರಾಜ್ಯದಲ್ಲಿ ಕೋವಿಡ್ ಎರಡನೇ ಅಲೆಯ ಲಾಕ್‌ಡೌನ್ ಜಾರಿಯಲ್ಲಿತ್ತು. ವಿರಾಜಪೇಟೆಯಲ್ಲಿ ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದ, ಸುಮಾರು 50 ವರ್ಷದ ವ್ಯಕ್ತಿಯೊಬ್ಬರು ರಾತ್ರಿ ವೇಳೆ ಮನೆಯಿಂದ ಹೊರಬಂದಿದ್ದರು. ಅವರು ಕತ್ತಿ ಹಿಡಿದಿದ್ದರು, ಸಿಬ್ಬಂದಿಯ ಮೇಲೆ ಹಲ್ಲೆಗೆ ಮುಂದಾದರು ಎಂಬುದು ಪೊಲೀಸರ ಹೇಳಿಕೆ. ಅವರನ್ನು ಠಾಣೆಗೆ ಕರೆದೊಯ್ದು ಥಳಿಸಲಾಯಿತು, ಬಳಿಕ ತಾಯಿಯನ್ನು ಕರೆಸಿ ಒಪ್ಪಿಸಲಾಯಿತು ಎಂಬುದು ಕುಟುಂಬದ ಆರೋಪ. ತೀವ್ರವಾಗಿ ಗಾಯಗೊಂಡಿದ್ದ ಅವರು ಮಡಿಕೇರಿಯ ಆಸ್ಪತ್ರೆಗೆ ದಾಖಲಾಗಿ, ಜೂನ್ 12ರಂದು ಮೃತಪಟ್ಟರು. ಸಹೋದರ ದೂರು ನೀಡಿದರು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಎಂಟು ಮಂದಿ ಸಿಬ್ಬಂದಿಯನ್ನು ಅಮಾನತುಗೊಳಿಸಿದರು. ತನಿಖೆಯನ್ನು ಸಿಐಡಿಗೆ ವಹಿಸಲಾಯಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದು, ಸಾವು ಸಂಭವಿಸಿದ್ದು ಠಾಣೆಯ ಕೋಣೆಯೊಳಗಲ್ಲ, ಆಸ್ಪತ್ರೆಯಲ್ಲಿ. ಅದೂ ವ್ಯಕ್ತಿಯನ್ನು ಮನೆಯವರಿಗೆ ಒಪ್ಪಿಸಿದ ನಂತರ. ಇಂಥ ಸಂದರ್ಭದಲ್ಲಿ 'ಇದು ವಶದಲ್ಲಿನ ಸಾವೇ ಅಲ್ಲ' ಎಂಬ ವಾದಕ್ಕೆ ಅವಕಾಶವಾಗುತ್ತದೆ. ಎರಡನೆಯದು, ಅಮಾನತು, ಸಿಐಡಿ ತನಿಖೆ, ಸಾವಿನ ಕಾರಣದ ವಿಚಾರಣೆ ಇವು ಮೂರೂ ಬೇರೆ ಬೇರೆ ಪ್ರಕ್ರಿಯೆಗಳು. ಅಮಾನತು ಶಿಕ್ಷೆಯಲ್ಲ, ವಿಚಾರಣೆ ಬಾಕಿ ಇರುವಾಗ ನೌಕರನನ್ನು ಕರ್ತವ್ಯದಿಂದ ದೂರವಿಡುವ ತಾತ್ಕಾಲಿಕ ಕ್ರಮ ಮಾತ್ರ. ಆದೇಶ ಹೊರಬಿದ್ದ ದಿನ ಕುಟುಂಬ ಸಮಾಧಾನಗೊಂಡು ಸುಮ್ಮನಾದರೆ ಉಳಿದ ಎರಡು ಪ್ರಕ್ರಿಯೆಗಳ ಬಗ್ಗೆ ಕೇಳುವವರೇ ಇರುವುದಿಲ್ಲ.

ಮೊದಲ 24 ಗಂಟೆ

ದೂರು ಎಲ್ಲಿ ಕೊಡಬೇಕೆಂಬುದಕ್ಕಿಂತ ಮೊದಲು ದೂರಿಗೆ ಆಧಾರವೇನು ಎಂಬುದು ನಿರ್ಧಾರವಾಗಬೇಕು. ಠಾಣೆಯೊಳಗಿನ ಹಲ್ಲೆಗೆ ಹೊರಗಿನ ಸಾಕ್ಷಿ ಸಿಗುವುದು ಅಪರೂಪ. ಸಹೋದ್ಯೋಗಿಗಳು ತಮ್ಮವರ ವಿರುದ್ಧ ನುಡಿಯುವುದಿಲ್ಲವೆಂಬ ವಾಸ್ತವವನ್ನು ನ್ಯಾಯಾಲಯಗಳು ಮರೆಯಬಾರದೆಂದು ಸರ್ವೋಚ್ಚ ನ್ಯಾಯಾಲಯವೇ 1995ರ ಶ್ಯಾಮಸುಂದರ್ ತ್ರಿವೇದಿ ಪ್ರಕರಣದಲ್ಲಿ ಎಚ್ಚರಿಸಿದೆ. ಆದ್ದರಿಂದ ಇಂಥ ಪ್ರಕರಣಗಳು ಬಹುತೇಕ ಕಾಗದಪತ್ರ, ವೈದ್ಯಕೀಯ ದಾಖಲೆ ಮತ್ತು ಸಿಸಿಟಿವಿ ದೃಶ್ಯಗಳ ಮೇಲೆಯೇ ನಿಲ್ಲುತ್ತವೆ.

ಬಂಧನದ ವೇಳೆ ಪೊಲೀಸರು ಬಂಧನದ ಮೆಮೊ ಸಿದ್ಧಪಡಿಸಿ, ಕುಟುಂಬದ ಸದಸ್ಯರ ಅಥವಾ ಸ್ಥಳೀಯ ಗಣ್ಯರೊಬ್ಬರ ಸಹಿ ಪಡೆಯಬೇಕು. ಬಂಧನದ ವಿಷಯವನ್ನು ಸಂಬಂಧಿಕರಿಗೆ ತಿಳಿಸಬೇಕು. ಬಂಧಿತನನ್ನು ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸಬೇಕು. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿದ ನಿಯಮಗಳಲ್ಲಿ ಹೆಚ್ಚಿನವು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಭಾಗವಾಗಿವೆ. ಈ ಸಂಹಿತೆ 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಜಾರಿಯಲ್ಲಿದೆ. 'ವಿಚಾರಣೆಗೆಂದು ಕರೆತಂದಿದ್ದೇವೆ, ಬಂಧಿಸಿಲ್ಲ' ಎಂಬ ಉತ್ತರ ಬಂದರೆ ಮೆಮೊ ಇರುವುದಿಲ್ಲ. ಆಗ ವ್ಯಕ್ತಿಯನ್ನು ಯಾವ ಹೊತ್ತಿಗೆ, ಯಾವ ವಾಹನದಲ್ಲಿ, ಯಾರು ಕರೆದೊಯ್ದರು ಎಂಬುದನ್ನು ಕಂಡವರ ಹೆಸರಿನೊಂದಿಗೆ ಅದೇ ದಿನ ಬರೆದಿಟ್ಟುಕೊಳ್ಳುವುದು ಉಪಯುಕ್ತ. ಠಾಣೆಗೆ ಮಾಡಿದ ದೂರವಾಣಿ ಕರೆಗಳ ಸಮಯವೂ ಸಾಕ್ಷ್ಯವಾಗುತ್ತದೆ.

ವ್ಯಕ್ತಿ ಇನ್ನೂ ಅಕ್ರಮ ವಶದಲ್ಲಿಯೇ ಇದ್ದರೆ ದೂರು ಪ್ರಾಧಿಕಾರಗಳಿಗೆ ಅರ್ಜಿ ಬರೆಯುತ್ತ ಕೂರುವುದು ಸರಿಯಲ್ಲ. ಬೆಂಗಳೂರಿನ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಬಹುದು. ಅಕ್ರಮವಾಗಿ ಕೂಡಿಹಾಕಲ್ಪಟ್ಟವರನ್ನು ಹುಡುಕಿ ತರಲು ವಾರಂಟ್ ಹೊರಡಿಸುವಂತೆ ಸ್ಥಳೀಯ ದಂಡಾಧಿಕಾರಿಯನ್ನು ಕೋರಲೂಬಹುದು.

ಗಾಯಗೊಂಡ ವ್ಯಕ್ತಿ ಹೊರಬಂದ ತಕ್ಷಣ ಮಾಡಬೇಕಾದ ಕೆಲಸ ಸರ್ಕಾರಿ ಆಸ್ಪತ್ರೆಗೆ ಹೋಗುವುದು. ಸೋಮವಾರಪೇಟೆಯವರಿಗೆ ಅದು ತಾಲ್ಲೂಕು ಆಸ್ಪತ್ರೆ ಅಥವಾ ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆ. ಗಾಯ ಹೇಗಾಯಿತೆಂದು ವೈದ್ಯರು ಕೇಳಿದಾಗ 'ಬಿದ್ದು ಪೆಟ್ಟಾಯಿತು' ಎಂದು ಭಯದಿಂದ ಹೇಳುವವರು ಅನೇಕ. ಆ ಒಂದು ಸಾಲು ಮುಂದೆ ಇಡೀ ಪ್ರಕರಣವನ್ನು ಬೀಳಿಸಬಲ್ಲದು. 'ಪೊಲೀಸರು ಹೊಡೆದದ್ದು' ಎಂಬ ಹೇಳಿಕೆಯನ್ನೇ ದಾಖಲಿಸಿ, ವೈದ್ಯಕೀಯ-ಕಾನೂನು ಪ್ರಕರಣವೆಂದು ನೋಂದಾಯಿಸುವಂತೆ ಕೋರಬೇಕು. ಗಾಯದ ಪ್ರಮಾಣಪತ್ರದಲ್ಲಿ ಗಾಯದ ಅಳತೆ, ಬಣ್ಣ, ಎಷ್ಟು ಹೊತ್ತಿನ ಹಿಂದಿನದು ಎಂಬ ಅಭಿಪ್ರಾಯ ಇವೆಯೇ ಎಂದು ನೋಡಿಕೊಳ್ಳಬೇಕು. ಅಂಗಾಲು, ಬೆನ್ನು, ತೊಡೆಗಳ ಮೇಲಿನ ಬಾಸುಂಡೆಗಳು ಕೆಲವೇ ದಿನಗಳಲ್ಲಿ ಮಾಸುತ್ತವೆ. ಆದ್ದರಿಂದ ದಿನಾಂಕ ಸಹಿತ ಛಾಯಾಚಿತ್ರಗಳನ್ನು ಮೊದಲ ದಿನವೇ ತೆಗೆಸಬೇಕು.

ಸಿಸಿಟಿವಿ ವಿಷಯದಲ್ಲಿ 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶ ಮುಖ್ಯ. ಠಾಣೆಯ ಪ್ರವೇಶ ದ್ವಾರ, ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ್ ಕೊಠಡಿ ಸೇರಿದಂತೆ ಯಾವ ಭಾಗವೂ ಬಿಟ್ಟುಹೋಗದಂತೆ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಿಕೊಳ್ಳಬೇಕು ಎಂದು ಆ ಆದೇಶ ಹೇಳುತ್ತದೆ. ಆದರೂ 'ಆ ದಿನ ಕ್ಯಾಮೆರಾ ಕೆಟ್ಟಿತ್ತು' ಎಂಬ ಉತ್ತರ ಬರುವುದುಂಟು. ಹೀಗಾಗಿ ಘಟನೆಯ ದಿನಾಂಕ ಮತ್ತು ಗಂಟೆಗಳನ್ನು ನಮೂದಿಸಿ, ದೃಶ್ಯ ಸಂರಕ್ಷಿಸುವಂತೆ ಠಾಣಾಧಿಕಾರಿಗೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಮೊದಲ ದಿನಗಳಲ್ಲೇ ನೋಂದಾಯಿತ ಅಂಚೆಯಲ್ಲಿ ಪತ್ರ ಕಳುಹಿಸಬೇಕು. ಪತ್ರ ತಲುಪಿದ ಮೇಲೂ ದೃಶ್ಯ ಅಳಿಸಿಹೋದರೆ ಅದಕ್ಕೆ ಯಾರಾದರೂ ಉತ್ತರ ಹೇಳಲೇಬೇಕಾಗುತ್ತದೆ.

ಸಾವು ಸಂಭವಿಸಿದಾಗ: ದಂಡಾಧಿಕಾರಿಯ ವಿಚಾರಣೆ

ಪೊಲೀಸ್ ವಶದಲ್ಲಿ ವ್ಯಕ್ತಿ ಮೃತಪಟ್ಟರೆ ಅಥವಾ ಕಣ್ಮರೆಯಾದರೆ, ಇಲ್ಲವೇ ವಶದಲ್ಲಿದ್ದ ಮಹಿಳೆಯ ಮೇಲೆ ಅತ್ಯಾಚಾರ ನಡೆದಿದೆ ಎಂಬ ಆರೋಪವಿದ್ದರೆ, ಪೊಲೀಸ್ ತನಿಖೆಯ ಜೊತೆಗೆ ನ್ಯಾಯಿಕ ದಂಡಾಧಿಕಾರಿಯ ವಿಚಾರಣೆ ಕಡ್ಡಾಯ. ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಮು ಇದನ್ನು ವಿಧಿಸುತ್ತದೆ. ಹಳೆಯ ಸಂಹಿತೆಯಲ್ಲಿ 176(1ಎ) ಎಂಬುದಾಗಿದ್ದ ಈ ನಿಯಮ 2006ರಿಂದ ಜಾರಿಯಲ್ಲಿದೆ. ಇದಕ್ಕೆ ಯಾರೂ ಅರ್ಜಿ ಹಾಕಬೇಕಾಗಿಲ್ಲ. ಆದರೆ ಅರ್ಜಿ ಹಾಕುವುದರಿಂದ ವಿಚಾರಣೆ ಆರಂಭವಾಗಿದೆಯೇ ಇಲ್ಲವೇ ಎಂಬುದು ದಾಖಲೆಗೆ ಬರುತ್ತದೆ. ಸೋಮವಾರಪೇಟೆ ವ್ಯಾಪ್ತಿಯ ಠಾಣೆಯಾದರೆ ಅಲ್ಲಿನ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ನ್ಯಾಯಾಲಯಕ್ಕೆ ಈ ಅರ್ಜಿ ಸಲ್ಲುತ್ತದೆ.

ದಂಡಾಧಿಕಾರಿ 24 ಗಂಟೆಯೊಳಗೆ ಶವವನ್ನು ಮರಣೋತ್ತರ ಪರೀಕ್ಷೆಗೆ ಕಳುಹಿಸಬೇಕು. ಸಾಧ್ಯವಾಗದಿದ್ದರೆ ಕಾರಣವನ್ನು ಬರೆಯಬೇಕು. ಸಾಧ್ಯವಿರುವೆಡೆಯಲ್ಲೆಲ್ಲ ಮೃತರ ಸಂಬಂಧಿಕರಿಗೆ ತಿಳಿಸಿ, ವಿಚಾರಣೆಯ ವೇಳೆ ಹಾಜರಿರಲು ಅವಕಾಶ ನೀಡಬೇಕು. ಇಲ್ಲಿ ಸಂಬಂಧಿಕರೆಂದರೆ ತಂದೆ, ತಾಯಿ, ಮಕ್ಕಳು, ಸಹೋದರ, ಸಹೋದರಿ ಮತ್ತು ಪತಿ ಅಥವಾ ಪತ್ನಿ. ವಶದಲ್ಲಿನ ಸಾವಿನ ಮರಣೋತ್ತರ ಪರೀಕ್ಷೆಯನ್ನು ವಿಡಿಯೊ ಚಿತ್ರೀಕರಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1995ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಸಾವಿನ ಮಾಹಿತಿಯನ್ನು 24 ಗಂಟೆಯೊಳಗೆ ಆಯೋಗಕ್ಕೆ ಕಳುಹಿಸಬೇಕೆಂಬುದು 1993ರ ಡಿಸೆಂಬರ್‌ನ ಸೂಚನೆ.

ಶವಸಂಸ್ಕಾರಕ್ಕೆ ಅವಸರಪಡಿಸುವ ಒತ್ತಡ ಬರುವುದು ಇದೇ ಹಂತದಲ್ಲಿ. ವಿಡಿಯೊ ಚಿತ್ರೀಕರಣವಾಗಿದೆಯೇ, ಮಹಜರಿನಲ್ಲಿ ದೇಹದ ಮೇಲಿನ ಎಲ್ಲ ಗಾಯಗಳೂ ದಾಖಲಾಗಿವೆಯೇ, ಒಳಾಂಗಗಳ ಮಾದರಿಯನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಲಾಗಿದೆಯೇ ಎಂಬುದನ್ನು ತಿಳಿದುಕೊಳ್ಳದೆ ಸಹಿ ಹಾಕಬಾರದು. ಎರಡನೇ ಮರಣೋತ್ತರ ಪರೀಕ್ಷೆ ಬೇಕೆನಿಸಿದರೆ ಅದನ್ನು ಕೋರಬೇಕಾದದ್ದು ನ್ಯಾಯಾಲಯವನ್ನು, ಅದೂ ಅಂತ್ಯಕ್ರಿಯೆಗೆ ಮೊದಲು. ದಹನವಾದ ಮೇಲೆ ಆ ಪ್ರಶ್ನೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ವಿರಾಜಪೇಟೆಯ ಮಾದರಿಯಲ್ಲಿ, ಠಾಣೆಯಿಂದ ಹೊರಬಂದ ಕೆಲ ದಿನಗಳ ಬಳಿಕ ಆಸ್ಪತ್ರೆಯಲ್ಲಿ ಸಾವು ಸಂಭವಿಸಿದರೆ 196ನೇ ಕಲಮಿನ ಕಡ್ಡಾಯ ವಿಚಾರಣೆ ಅನ್ವಯಿಸುತ್ತದೆಯೇ ಎಂಬ ತಕರಾರು ಏಳಬಹುದು. ಆಗ ಕುಟುಂಬದ ಅರ್ಜಿ ಎರಡು ಸಂಗತಿಗಳನ್ನು ಸ್ಪಷ್ಟವಾಗಿ ಹೇಳಬೇಕು: ಗಾಯವಾದದ್ದು ವಶದಲ್ಲಿದ್ದಾಗ, ಸಾವಿಗೆ ಕಾರಣ ಅದೇ ಗಾಯ. ಠಾಣೆಗೆ ಹೋಗುವ ಮೊದಲು ವ್ಯಕ್ತಿ ನಡೆದಾಡುತ್ತಿದ್ದರು, ಹೊರಬಂದಾಗ ನಿಲ್ಲಲೂ ಆಗುತ್ತಿರಲಿಲ್ಲ ಎಂಬುದಕ್ಕೆ ನೆರೆಹೊರೆಯವರ ಹೇಳಿಕೆಯೂ ಆಸ್ಪತ್ರೆಯ ದಾಖಲಾತಿ ಪತ್ರವೂ ಈ ಕೊಂಡಿಯನ್ನು ಕಟ್ಟಿಕೊಡುತ್ತವೆ.

ದಂಡಾಧಿಕಾರಿಯ ವಿಚಾರಣೆ ಸಾವಿನ ಕಾರಣವನ್ನು ಮಾತ್ರ ನಿರ್ಣಯಿಸುತ್ತದೆ. ಯಾರಿಗೂ ಶಿಕ್ಷೆ ವಿಧಿಸುವುದಿಲ್ಲ. ಆದರೆ ಅಲ್ಲಿ ದಾಖಲಾದ ಹೇಳಿಕೆಗಳೂ ವೈದ್ಯಕೀಯ ವರದಿಯೂ ಕ್ರಿಮಿನಲ್ ಪ್ರಕರಣಕ್ಕೆ ಬುನಾದಿಯಾಗುತ್ತವೆ. ಪ್ರತಿಗಳಿಗಾಗಿ ಕುಟುಂಬ ಅರ್ಜಿ ಸಲ್ಲಿಸುವುದು ಆದ್ದರಿಂದ ಅಗತ್ಯ.

ಕ್ರಿಮಿನಲ್ ದೂರು: ಎಫ್‌ಐಆರ್ ದಾಖಲಿಸದಿದ್ದರೆ

ಶಿಕ್ಷೆಯ ದಾರಿ ಕ್ರಿಮಿನಲ್ ಪ್ರಕರಣವೊಂದೇ. ತಪ್ಪೊಪ್ಪಿಗೆ ಅಥವಾ ಮಾಹಿತಿ ಕಕ್ಕಿಸಲು ನೋವುಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮಿನಡಿ ಏಳು ವರ್ಷದವರೆಗೆ, ತೀವ್ರ ಗಾಯವಾಗಿದ್ದರೆ ಹತ್ತು ವರ್ಷದವರೆಗೆ ಶಿಕ್ಷಾರ್ಹ. ಸಾವಾದರೆ ಕೊಲೆ ಅಥವಾ ಕೊಲೆಯಲ್ಲದ ನರಹತ್ಯೆಯ ಕಲಮುಗಳು ಸೇರುತ್ತವೆ. ಸಂತ್ರಸ್ತರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸಬಹುದು. ಚಿತ್ರಹಿಂಸೆಗೆಂದೇ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ದೇಶ 1997ರಲ್ಲಿ ಸಹಿ ಹಾಕಿದೆಯಾದರೂ ಅನುಮೋದಿಸಿಲ್ಲ. ಹಾಗಾಗಿ ಸಾಮಾನ್ಯ ಕಲಮುಗಳನ್ನೇ ಅವಲಂಬಿಸಬೇಕಾಗಿದೆ.

ಸೋಮವಾರಪೇಟೆ ಠಾಣೆಯ ಸಿಬ್ಬಂದಿಯ ಮೇಲಿನ ದೂರನ್ನು ಅದೇ ಠಾಣೆಯಲ್ಲಿ ಕೊಡಲು ಕುಟುಂಬ ಅಂಜುವುದು ಸಹಜ. ಘಟನೆ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದೆಂದು 173ನೇ ಕಲಮು ಹೇಳುತ್ತದೆ. ಠಾಣೆಯವರು ದಾಖಲಿಸಲು ಒಪ್ಪದಿದ್ದರೆ ದೂರಿನ ಸಾರಾಂಶವನ್ನು ಅಂಚೆ ಮೂಲಕ ಮಡಿಕೇರಿಯಲ್ಲಿರುವ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಬೇಕು. ಪ್ರತಿಯನ್ನು ಮೈಸೂರಿನಲ್ಲಿರುವ ದಕ್ಷಿಣ ವಲಯದ ಪೊಲೀಸ್ ಮಹಾನಿರೀಕ್ಷಕರಿಗೂ ಕಳುಹಿಸಬಹುದು. ಅಂಚೆ ರಸೀದಿಯನ್ನು ಜೋಪಾನವಾಗಿಡಬೇಕು. ಮುಂದಿನ ಹೆಜ್ಜೆಗೆ ಅದೇ ರಹದಾರಿ.

ಆ ಹೆಜ್ಜೆ ದಂಡಾಧಿಕಾರಿಗೆ ಸಲ್ಲಿಸುವ ಅರ್ಜಿ. ವರಿಷ್ಠಾಧಿಕಾರಿಗೆ ಕಳುಹಿಸಿದ ದೂರಿನ ಪ್ರತಿ ಮತ್ತು ಪ್ರಮಾಣಪತ್ರ ಲಗತ್ತಿಸಿ, ತನಿಖೆಗೆ ಆದೇಶಿಸುವಂತೆ 175ನೇ ಕಲಮಿನಡಿ ಕೋರಬೇಕು. ಹೊಸ ಸಂಹಿತೆಯಲ್ಲಿ ಇಲ್ಲೊಂದು ಬದಲಾವಣೆಯಿದೆ. ಆರೋಪಿ ಸರ್ಕಾರಿ ನೌಕರನಾಗಿದ್ದು ಕರ್ತವ್ಯದ ವೇಳೆಯ ಕೃತ್ಯವೆಂದಾದರೆ, ದಂಡಾಧಿಕಾರಿ ಮೇಲಧಿಕಾರಿಯ ವರದಿಯನ್ನು ಪಡೆದು, ನೌಕರನ ವಿವರಣೆಯನ್ನೂ ಪರಿಗಣಿಸಿ ಬಳಿಕ ತನಿಖೆಗೆ ಆದೇಶಿಸಬಹುದು. ಇದರಿಂದ ತಡವಾಗುತ್ತದೆ, ಆರೋಪಿಗೆ ದೂರಿನ ವಿವರ ಮೊದಲೇ ತಿಳಿಯುತ್ತದೆ. ಸಿಸಿಟಿವಿ ಪತ್ರ ಮತ್ತು ವೈದ್ಯಕೀಯ ದಾಖಲೆ ಈ ಅರ್ಜಿಗಿಂತ ಮೊದಲೇ ಸಿದ್ಧವಾಗಿರಬೇಕೆಂಬುದಕ್ಕೆ ಇದೇ ಕಾರಣ. ತನಿಖೆಗೆ ಆದೇಶ ಸಿಗದಿದ್ದರೂ ದಾರಿ ಮುಚ್ಚುವುದಿಲ್ಲ. ದಂಡಾಧಿಕಾರಿಯ ಮುಂದೆ ಖಾಸಗಿ ದೂರು ದಾಖಲಿಸಿ ಸ್ವತಃ ಸಾಕ್ಷಿಗಳನ್ನು ಹಾಜರುಪಡಿಸಬಹುದು.

ಪ್ರಕರಣ ದಾಖಲಾದ ಮೇಲೆ ಅದೇ ಠಾಣೆಯವರು ತನಿಖೆ ನಡೆಸಬಾರದೆಂದು ಕೋರುವುದು ಮುಖ್ಯ. ವಿರಾಜಪೇಟೆಯಂತೆ ರಾಜ್ಯದಲ್ಲಿ ಇಂಥ ಪ್ರಕರಣಗಳನ್ನು ಸಿಐಡಿಗೆ ವಹಿಸುವ ರೂಢಿಯಿದೆ. 2021ರ ಮೇ ತಿಂಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನಿಗೆ ಮೂತ್ರ ಕುಡಿಸಿದ ಆರೋಪ ಬಂದಾಗಲೂ ತನಿಖೆ ಸಿಐಡಿಗೆ ಹೋಯಿತು. ಆರೋಪಿ ಸಬ್ ಇನ್‌ಸ್ಪೆಕ್ಟರ್ ಬಂಧನಕ್ಕೊಳಗಾದರು. ಆದರೆ ಸಿಐಡಿಯೂ ಪೊಲೀಸ್ ಇಲಾಖೆಯ ಅಂಗವೇ. ತನಿಖೆ ಜಾಳಾಗಿದೆ ಎನಿಸಿದರೆ ಉಚ್ಚ ನ್ಯಾಯಾಲಯದ ಮೊರೆಹೋಗಬೇಕಾಗುತ್ತದೆ.

ಪೂರ್ವಾನುಮತಿ ಎಂಬ ಗೋಡೆ

ದೋಷಾರೋಪ ಪಟ್ಟಿ ಸಿದ್ಧವಾದರೂ ಪ್ರಕರಣ ನಿಲ್ಲುವ ಸ್ಥಳವೊಂದಿದೆ. ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯವೆಂದಾದರೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ನ್ಯಾಯಾಲಯ ವಿಚಾರಣೆ ಆರಂಭಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮಿನ ಜೊತೆಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮೂ ಈ ರಕ್ಷಣೆ ನೀಡುತ್ತದೆ. ಬೆಂಗಳೂರಿನಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಡಿ. ದೇವರಾಜ ಪ್ರಕರಣದ 2020ರ ಜೂನ್ ತೀರ್ಪು ಇದನ್ನು ವಿವರಿಸಿದೆ. ಕೃತ್ಯ ಅಧಿಕಾರದ ಮಿತಿ ಮೀರಿದ್ದರೂ ಕರ್ತವ್ಯದೊಂದಿಗೆ ಸಮಂಜಸವಾದ ನಂಟಿದ್ದರೆ ಅನುಮತಿ ಬೇಕು. ಅಂಥ ನಂಟೇ ಇಲ್ಲದಿದ್ದರೆ ಬೇಕಿಲ್ಲ ಎಂಬುದು ಅದರ ಸಾರ. ಲಾಕಪ್ಪಿನಲ್ಲಿ ಥಳಿಸುವುದು ಕರ್ತವ್ಯದ ಭಾಗವೇ ಎಂಬ ವಾದ-ವಿವಾದ ಪ್ರತಿ ಪ್ರಕರಣದಲ್ಲೂ ಹೊಸದಾಗಿ ನಡೆಯುತ್ತದೆ.

ಹೊಸ ಸಂಹಿತೆ ಇಲ್ಲಿ ಕುಟುಂಬಕ್ಕೆ ಸ್ವಲ್ಪ ನೆರವಾಗಿದೆ. ಅನುಮತಿ ಕೋರಿಕೆ ತಲುಪಿದ 120 ದಿನಗಳಲ್ಲಿ ಸರ್ಕಾರ ನಿರ್ಧರಿಸದಿದ್ದರೆ ಅನುಮತಿ ದೊರೆತಂತೆಯೇ ಭಾವಿಸಲಾಗುತ್ತದೆ. ಆದ್ದರಿಂದ ಕೋರಿಕೆ ಯಾವ ದಿನ ಗೃಹ ಇಲಾಖೆಗೆ ತಲುಪಿತು ಎಂಬ ದಿನಾಂಕವನ್ನು ಮಾಹಿತಿ ಹಕ್ಕಿನಡಿ ಪಡೆದಿಟ್ಟುಕೊಳ್ಳಬೇಕು. ಇನ್ನೊಂದೆಡೆ, ರಾಜ್ಯದ ಪೊಲೀಸ್ ಕಾಯ್ದೆ ಒಂದು ವರ್ಷದ ಕಾಲಮಿತಿಯನ್ನೂ ಮುಂದಿಡುತ್ತದೆ. ಇಲಾಖಾ ವಿಚಾರಣೆಯ ಫಲಿತಾಂಶ ಬರಲಿ ಎಂದು ಕಾದು ಒಂದು ವರ್ಷದ ನಂತರ ಖಾಸಗಿ ದೂರು ಹಾಕಿದವರಿಗೆ ಈ ಕಲಮು ಅಡ್ಡಬರುತ್ತದೆ.

ದೂರು ಪ್ರಾಧಿಕಾರ ಮತ್ತು ಮಾನವ ಹಕ್ಕುಗಳ ಆಯೋಗ

ಪೊಲೀಸರ ಮೇಲಿನ ದೂರುಗಳಿಗೆಂದೇ ಸ್ವತಂತ್ರ ವ್ಯವಸ್ಥೆ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರ ಸೆಪ್ಟೆಂಬರ್ 22ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಆದೇಶಿಸಿತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮಟ್ಟದ ಮತ್ತು ಜಿಲ್ಲಾ ಮಟ್ಟದ ದೂರು ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಿತು. ತೀರ್ಪಿನ ಪ್ರಕಾರ ವರಿಷ್ಠಾಧಿಕಾರಿ ಮತ್ತು ಮೇಲಿನ ಹುದ್ದೆಯವರ ಮೇಲಿನ ದೂರು ರಾಜ್ಯ ಪ್ರಾಧಿಕಾರಕ್ಕೆ, ಡಿವೈಎಸ್ಪಿ ಹುದ್ದೆಯವರೆಗಿನವರ ಮೇಲಿನದು ಜಿಲ್ಲಾ ಪ್ರಾಧಿಕಾರಕ್ಕೆ ಸಲ್ಲಬೇಕು. ವಶದಲ್ಲಿನ ಸಾವು, ತೀವ್ರ ಗಾಯ, ಅತ್ಯಾಚಾರ ಇವು ಎರಡೂ ಹಂತಗಳ ವ್ಯಾಪ್ತಿಗೆ ಬರುತ್ತವೆ. ಸುಲಿಗೆ, ಜಮೀನು ಅಥವಾ ಮನೆ ಕಬಳಿಕೆ, ಅಧಿಕಾರದ ಗಂಭೀರ ದುರುಪಯೋಗ ಜಿಲ್ಲಾ ಪ್ರಾಧಿಕಾರದ ವ್ಯಾಪ್ತಿಯಲ್ಲಿವೆ. ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಿರಬೇಕೆಂದು ತೀರ್ಪು ಹೇಳಿದ್ದರೆ, ರಾಜ್ಯದ ಕಾಯ್ದೆ ಆ ಸ್ಥಾನವನ್ನು ಪ್ರಾದೇಶಿಕ ಆಯುಕ್ತರಿಗೆ ನೀಡಿದೆ. ಆಡಳಿತದ ಅಧಿಕಾರಿಯೇ ಅಧ್ಯಕ್ಷರಾಗಿರುವುದರಿಂದ ಅದರ ಸ್ವಾತಂತ್ರ್ಯದ ಬಗ್ಗೆ ಟೀಕೆಗಳಿವೆ.

ಈ ಪ್ರಾಧಿಕಾರಗಳ ಗಮನ ನೌಕರನ ದುರ್ವರ್ತನೆಯ ಮೇಲೆ. ದೂರು ರುಜುವಾತಾದರೆ ಇಲಾಖಾ ಕ್ರಮಕ್ಕೆ ಅಥವಾ ಎಫ್‌ಐಆರ್ ದಾಖಲಿಸಲು ಅವು ಹೇಳಬಹುದು. ಇಲಾಖಾ ವಿಚಾರಣೆ ನಡೆದಾಗ ದೂರುದಾರರು ಸಾಕ್ಷಿ ಮಾತ್ರ. ಪ್ರಕರಣ ಸರ್ಕಾರ ಮತ್ತು ನೌಕರನ ನಡುವಿನದು. ಅಲ್ಲಿ ರುಜುವಾತಿನ ಮಟ್ಟ ಕ್ರಿಮಿನಲ್ ನ್ಯಾಯಾಲಯಕ್ಕಿಂತ ಸಡಿಲ. ಹಾಗಾಗಿ ನ್ಯಾಯಾಲಯದಲ್ಲಿ ಖುಲಾಸೆಯಾದವರಿಗೂ ಇಲಾಖೆಯಲ್ಲಿ ದಂಡನೆಯಾಗಲು ಸಾಧ್ಯವಿದೆ.

ಮಾನವ ಹಕ್ಕುಗಳ ಆಯೋಗದ ಉದ್ದೇಶ ಬೇರೆ. 1993ರ ಕಾಯ್ದೆಯಡಿ ರಚಿತವಾದ ರಾಜ್ಯ ಆಯೋಗ ಬೆಂಗಳೂರಿನಲ್ಲಿದೆ. ಅದಕ್ಕೆ ಶುಲ್ಕವಿಲ್ಲದೆ, ವಕೀಲರಿಲ್ಲದೆ, ಕನ್ನಡದಲ್ಲೇ ಬರೆದ ದೂರನ್ನು ಅಂಚೆಯಲ್ಲಿ ಕಳುಹಿಸಬಹುದು. ಘಟನೆ ನಡೆದು ಒಂದು ವರ್ಷ ದಾಟಿದ್ದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ. ರಾಜ್ಯ ಆಯೋಗದ ಮುಂದಿರುವ ವಿಷಯವನ್ನು ರಾಷ್ಟ್ರೀಯ ಆಯೋಗ ಕೈಗೆತ್ತಿಕೊಳ್ಳುವುದಿಲ್ಲ. ಎರಡೂ ಕಡೆ ಒಂದೇ ದೂರು ಕಳುಹಿಸಿದರೆ ಗೊಂದಲವೇ ಹೆಚ್ಚು. ದೂರು ದಾಖಲಾದ ಮೇಲೆ ಆಯೋಗ ವರದಿ ಕೇಳುತ್ತದೆ, ಅಗತ್ಯವಿದ್ದರೆ ತನ್ನದೇ ತನಿಖಾ ವಿಭಾಗವನ್ನು ಕಳುಹಿಸುತ್ತದೆ, ಸಾಕ್ಷಿಗಳನ್ನು ಕರೆಸುತ್ತದೆ. ಪೊಲೀಸರು ಸಲ್ಲಿಸಿದ ವರದಿಗೆ ದೂರುದಾರರ ಪ್ರತಿಕ್ರಿಯೆ ಕೇಳಿ ಪತ್ರ ಬಂದಾಗ ಸುಮ್ಮನಿದ್ದರೆ ಕಡತ ಮುಕ್ತಾಯವಾಗುವ ಸಾಧ್ಯತೆಯಿದೆ. ಪತ್ರಕ್ಕೆ ಅಂಶವಾರು ಉತ್ತರ ಬರೆಯಬೇಕು. ಠಾಣೆಯ ಸಿಸಿಟಿವಿ ದೃಶ್ಯವನ್ನು ತರಿಸಿಕೊಳ್ಳುವಂತೆ ಆಯೋಗವನ್ನು ಕೋರಲು 2020ರ ಸರ್ವೋಚ್ಚ ನ್ಯಾಯಾಲಯದ ಆದೇಶವೇ ಅವಕಾಶ ನೀಡಿದೆ.

ಕೊನೆಗೆ ಆಯೋಗ ಪರಿಹಾರ, ಇಲಾಖಾ ಕ್ರಮ ಅಥವಾ ಮೊಕದ್ದಮೆಗೆ ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. ಅದು ತೀರ್ಪಲ್ಲ. ಸರ್ಕಾರ ಸ್ಪಂದಿಸದಿದ್ದರೆ ಆಯೋಗವಾಗಲಿ ಕುಟುಂಬವಾಗಲಿ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ.

ಪರಿಹಾರ: ಬಸವನಹಳ್ಳಿಯ ಪಾಠ

ದುರ್ವರ್ತನೆಯೆಂದರೆ ಹಲ್ಲೆಯೊಂದೇ ಅಲ್ಲ ಎಂಬುದಕ್ಕೆ ಮೊದಲು ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ್ದ, ಈಗ ಕುಶಾಲನಗರ ತಾಲ್ಲೂಕಿನಲ್ಲಿರುವ ಬಸವನಹಳ್ಳಿಯ ಪ್ರಕರಣ ನಿದರ್ಶನ. 2020ರಲ್ಲಿ ಪತ್ನಿ ಕಾಣೆಯಾಗಿದ್ದಾರೆಂದು ದೂರು ಕೊಟ್ಟ ಆದಿವಾಸಿ ಕೂಲಿಕಾರ್ಮಿಕರೊಬ್ಬರನ್ನು, ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಸಿಕ್ಕ ಅಸ್ಥಿಪಂಜರ ಆಕೆಯದೆಂದು ಹೇಳಿ, ಕೊಲೆ ಆರೋಪದಲ್ಲಿ ಬಂಧಿಸಲಾಯಿತು. ಅವರು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆ ಪತ್ನಿ ಮಡಿಕೇರಿಯಲ್ಲಿ ಜೀವಂತವಾಗಿ ಪತ್ತೆಯಾದರು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಅದೇ ತಿಂಗಳು ಅವರನ್ನು ಖುಲಾಸೆಗೊಳಿಸಿ, ಗೃಹ ಇಲಾಖೆ 1 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದೂ ತನಿಖಾಧಿಕಾರಿಯ ಮೇಲೆ ಕ್ರಮ ಜರುಗಿಸಬೇಕೆಂದೂ ಆದೇಶಿಸಿತು. ಈ ಮೊತ್ತ ಸಾಲದೆಂದು ಅವರು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು.

ಉಚ್ಚ ನ್ಯಾಯಾಲಯಕ್ಕೆ ಹೋಗುವ ಈ ದಾರಿ 1993ರ ನೀಲಾಬತಿ ಬೆಹೆರಾ ತೀರ್ಪಿನಿಂದ ಗಟ್ಟಿಯಾದದ್ದು. ವಶದಲ್ಲಿದ್ದವರ ಜೀವದ ಹಕ್ಕಿಗೆ ಧಕ್ಕೆಯಾದರೆ ಸರ್ಕಾರವೇ ಹೊಣೆ, ಸಿವಿಲ್ ದಾವೆಗೆ ಕಾಯದೆ ರಿಟ್ ಅರ್ಜಿಯಲ್ಲೇ ಪರಿಹಾರ ಕೊಡಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯ ಆಗ ಹೇಳಿತು. ಪರಿಹಾರ ಪಡೆದರೆ ಕ್ರಿಮಿನಲ್ ಪ್ರಕರಣ ಕೈಬಿಟ್ಟಂತೆ ಆಗುವುದಿಲ್ಲ. 'ಹಣ ಪಡೆದು ರಾಜಿಯಾಗಿ' ಎಂಬ ಸಲಹೆ ಬಂದಾಗ ಈ ವ್ಯತ್ಯಾಸ ನೆನಪಿರಬೇಕು.

ಅರ್ಜಿಯಲ್ಲಿ ಏನಿರಬೇಕು?

ಎಲ್ಲ ಕಡೆಗೂ ಒಂದೇ ಘಟನಾವಳಿ ಹೋಗಬೇಕು. ಒಂದು ಅರ್ಜಿಯಲ್ಲಿ ರಾತ್ರಿ ಹತ್ತು ಗಂಟೆ, ಇನ್ನೊಂದರಲ್ಲಿ ಹನ್ನೆರಡು ಎಂದಿದ್ದರೆ ಪಾಟೀಸವಾಲಿನಲ್ಲಿ ಅದೇ ಪ್ರತಿವಾದಿಯ ಅಸ್ತ್ರವಾಗುತ್ತದೆ. ಮೊದಲು ದಿನಾಂಕ-ಗಂಟೆಗಳ ಅನುಕ್ರಮದಲ್ಲಿ ಒಂದು ಪುಟದ ಘಟನಾವಳಿ ಬರೆದು, ಅದನ್ನೇ ಎಲ್ಲ ಅರ್ಜಿಗಳಿಗೂ ಆಧಾರವಾಗಿಸುವುದು ಒಳಿತು. ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಯಾರಿಂದ ಕೇಳಿದ್ದೆಂದೂ ಬೇರ್ಪಡಿಸಿ ಬರೆಯಬೇಕು. ಸಿಬ್ಬಂದಿಯ ಹೆಸರು ಗೊತ್ತಿಲ್ಲದಿದ್ದರೆ ಊಹಿಸಬಾರದು. ಎದೆಯ ಮೇಲಿನ ಪಟ್ಟಿಯ ಹೆಸರು, ಚಹರೆ, ವಾಹನದ ಸಂಖ್ಯೆ ಬರೆದರೆ ಸಾಕು. ಆ ಸರದಿಯಲ್ಲಿ ಯಾರಿದ್ದರೆಂಬುದನ್ನು ಠಾಣೆಯ ದಿನಚರಿ ಪುಸ್ತಕವೇ ಹೇಳುತ್ತದೆ. ಪ್ರತಿ ಕಚೇರಿಯಿಂದ ಸ್ವೀಕೃತಿ ಅಥವಾ ಹಿಂಬರಹ ಪಡೆಯಬೇಕು.

ವಕೀಲರ ಖರ್ಚು ಭರಿಸಲಾಗದವರು ಸೋಮವಾರಪೇಟೆ ನ್ಯಾಯಾಲಯದ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ ಮಡಿಕೇರಿಯ ಜಿಲ್ಲಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಮತ್ತು ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಸಹಾಯವಾಣಿ ಸಂಖ್ಯೆ 15100. ವ್ಯಕ್ತಿ ಇನ್ನೂ ವಶದಲ್ಲಿದ್ದರೆ, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ವಿಷಯ ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದೆಂದು ನಮೂದಿಸಿದರೆ 48 ಗಂಟೆಯೊಳಗೆ ಮಾಹಿತಿ ನೀಡಬೇಕೆಂಬ ನಿಯಮವನ್ನೂ ಬಳಸಿಕೊಳ್ಳಬಹುದು.

ಕುಟುಂಬದ ಮುಂದಿರುವ ಗಡಿಯಾರಗಳು ಹೀಗಿವೆ: ಮರಣೋತ್ತರ ಪರೀಕ್ಷೆಗೆ ಕಳುಹಿಸಲು 24 ಗಂಟೆ, ಗಾಯದ ಗುರುತುಗಳಿಗೆ ಕೆಲವು ದಿನ, ಆಯೋಗಕ್ಕೆ ಒಂದು ವರ್ಷ, ಸಿಸಿಟಿವಿ ದೃಶ್ಯಕ್ಕೆ ಹೆಚ್ಚೆಂದರೆ 18 ತಿಂಗಳು. ಕ್ರಿಮಿನಲ್ ವಿಚಾರಣೆ ಇವೆಲ್ಲಕ್ಕಿಂತ ದೀರ್ಘವಾಗಿ ನಡೆಯುತ್ತದೆ. ವರ್ಷಗಳ ನಂತರ ನ್ಯಾಯಾಲಯದ ಮುಂದೆ ಉಳಿಯುವುದು ಮೊದಲ ವಾರದಲ್ಲಿ ಕುಟುಂಬ ಕೂಡಿಟ್ಟ ಕಾಗದಗಳೇ.